ರೈಸ್ ಮಿಲ್ ಅಕೌಂಟೆಂಟ್ ಕೆಲಸ ಬಿಡುವಾಗ ಹ್ಯಾಂಡೋವರ್ ನೋಟ್ ಬರೆಯುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಎಷ್ಟೋ ರೈಸ್ ಮಿಲ್ಲುಗಳಲ್ಲಿ ಅಕೌಂಟೆಂಟ್ ಒಬ್ಬರೇ ಇರುತ್ತಾರೆ. ಬಿಲ್ಲು ಹಾಕುವವರೂ ಅವರೇ, ಆಡಿಟರ್ ಆಫೀಸಿಗೆ ಜಿಎಸ್‌ಟಿ ಲೆಕ್ಕ ಕಳಿಸುವವರೂ ಅವರೇ, ಶನಿವಾರ ಹಮಾಲರ ಲೆಕ್ಕ ಚುಕ್ತಾ ಮಾಡುವವರೂ ಅವರೇ. ಅಂಥವರು ಕೆಲಸ ಬಿಟ್ಟಾಗ ಟ್ಯಾಲಿಯಲ್ಲಿರುವ ಲೆಕ್ಕವೆಲ್ಲ ಉಳಿಯುತ್ತದೆ. ಫೋನಿನಲ್ಲಿ ಆದ ಮಾತು ಮಾತ್ರ ಅವರ ಜೊತೆಗೇ ಹೋಗುತ್ತದೆ. ಹೊಸಬರು ಕುರ್ಚಿಯಲ್ಲಿ ಕೂತ ಮೂರನೇ ದಿನಕ್ಕೆ ಬೆಂಗಳೂರಿನ ಪಾರ್ಟಿ ಫೋನ್ ಮಾಡಿ, "ನಿಮ್ಮ ಹಳೇ ಅಕೌಂಟೆಂಟ್ ಕಡಿತ ಒಪ್ಪಿದ್ದರಲ್ಲ" ಅಂದರೆ ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ ಅವರಿಗೆ ಗೊತ್ತಾಗುವುದಿಲ್ಲ.

ಹ್ಯಾಂಡೋವರ್ ನೋಟ್ ಬೇಕಾಗುವುದು ಇಂಥ ಜಾಗಕ್ಕೆ. ಟ್ಯಾಲಿಯಲ್ಲಿ ಕಾಣುವುದನ್ನೇ ಮತ್ತೆ ಟೈಪ್ ಮಾಡಿ ಇಪ್ಪತ್ತು ಪುಟ ಮಾಡಿದರೆ ಯಾರೂ ಓದುವುದಿಲ್ಲ. ಟ್ಯಾಲಿಯಲ್ಲಿ ಕಾಣದ್ದನ್ನು ಆರೇಳು ಪುಟದಲ್ಲಿ ಬರೆದರೆ ಸಾಕು. ಇಲ್ಲಿ ಹೇಳುವುದು ಮಿಲ್ಲಿನ ಅಕೌಂಟೆಂಟ್ ಕೆಲಸವನ್ನು ಮುಂದಿಟ್ಟುಕೊಂಡು.

ಮೊದಲು ಕೆಲಸ ಬಿಡುವ ತಾರೀಖು

ಸಾವ್ಕಾರರ ಜೊತೆ ಮಾತಾಡುವಾಗ ಕೊನೆಯ ದಿನವನ್ನು ತಿಂಗಳ 30 ಅಂತ ಇಟ್ಟುಕೊಳ್ಳುವುದು ಎಲ್ಲರ ರೂಢಿ. ಸಂಬಳದ ಲೆಕ್ಕಕ್ಕೆ ಅದು ಸರಿ, ಚಾರ್ಜ್ ಕೊಡಲಿಕ್ಕೆ ಸರಿಯಲ್ಲ. ತಿಂಗಳಿನ ಕಟ್ಟುವ ಕೆಲಸ ಎಲ್ಲ 7ರಿಂದ 20ರ ಒಳಗೆ ಬರುತ್ತದೆ. 30ಕ್ಕೆ ಹೊರಟರೆ ಹೊಸಬರು ಆ ಸುತ್ತಿಗೆ ಒಬ್ಬರೇ ಸಿಕ್ಕಿಬೀಳುತ್ತಾರೆ. ಸಾಧ್ಯವಾದರೆ 21 ಅಥವಾ 22ಕ್ಕೆ ಬಿಡಿ. ಹೊಸಬರು 5ನೇ ತಾರೀಖಿಗೇ ಬಂದರೆ ಒಂದು ಪೂರ್ತಿ ಸುತ್ತನ್ನು ಅವರ ಕೈಯಿಂದ ಮಾಡಿಸಬಹುದು, ನೀವು ಪಕ್ಕದಲ್ಲಿ ಕೂತಿದ್ದರೆ ಸಾಕು. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ, ನೋಟಿನಲ್ಲಿ ಆ ವಿಷಯ ಬಿಟ್ಟುಹೋಗಿದೆ ಅಂತ ಅರ್ಥ. ಅಲ್ಲೇ ಪೆನ್ನು ತೆಗೆದು ಸೇರಿಸಿ.

ಸುಗ್ಗಿ ಹೊತ್ತಿನಲ್ಲಿ ಚಾರ್ಜ್ ಕೊಡುವುದಂತೂ ಬೇಡವೇ ಬೇಡ. ಭತ್ತದ ಲೋಡು ಗೇಟಿನಲ್ಲಿ ಸಾಲು ನಿಂತಾಗ ಯಾರಿಗೂ ಕೂತು ಕಲಿಸುವ ಪುರುಸೊತ್ತು ಇರುವುದಿಲ್ಲ.

ಬಾಕಿ ಕೆಲಸ: ನೆನಪಿನಿಂದ ಬರೆಯಬೇಡಿ

ನೆನಪಿನಿಂದ ಬರೆದರೆ ಈ ವಾರ ತಲೆ ತಿನ್ನುತ್ತಿರುವ ನಾಲ್ಕು ವಿಷಯ ಬರುತ್ತವೆ, ಎರಡು ತಿಂಗಳಿಂದ ಸುಮ್ನೆ ಕೂತಿರುವ ಹತ್ತು ವಿಷಯ ಬಿಟ್ಟುಹೋಗುತ್ತವೆ. ಅದಕ್ಕೇ ಒಂದೊಂದು ಜಾಗವನ್ನೂ ತೆರೆದು ನೋಡಿ. ಟ್ಯಾಲಿಯಲ್ಲಿ ಬರಬೇಕಾದ, ಕೊಡಬೇಕಾದ ಬಾಕಿಯ ರಿಪೋರ್ಟ್ ತೆಗೆಯಿರಿ. ಬ್ಯಾಂಕ್ ರಿಕನ್ಸಿಲಿಯೇಷನ್‌ನಲ್ಲಿ ತಾಳೆಯಾಗದೆ ಉಳಿದ ಸಾಲುಗಳನ್ನು ನೋಡಿ. ಕೊಟ್ಟು ಇನ್ನೂ ಪಾಸಾಗದ ಚೆಕ್ಕುಗಳು ಅಲ್ಲೇ ಸಿಗುತ್ತವೆ. ಚೆಕ್ ತಾರೀಖಿನಿಂದ 3 ತಿಂಗಳಿಗೆ ಹಳಸುತ್ತದೆ, ಆಮೇಲೆ ರೈತ ಬಂದು ಬೇರೆ ಚೆಕ್ ಕೇಳಿದಾಗ ಹಳೆಯದನ್ನು ವಾಪಸ್ ಪಡೆದೇ ಕೊಡಬೇಕು ಅನ್ನುವುದು ಹೊಸಬರಿಗೆ ತಿಳಿದಿರಲಿ. ಆಮೇಲೆ ವಾಟ್ಸಾಪ್ ಮೆಸೇಜುಗಳು, ಮೇಲ್ ಬಾಕ್ಸ್, ಕೊನೆಗೆ ಟೇಬಲ್ಲಿನ ಡ್ರಾಯರ್. ಡ್ರಾಯರ್‌ನಲ್ಲಿ ಸಿಗುವ ಚೀಟಿಗಳು ಕಡಿಮೆಯಲ್ಲ. ಹಮಾಲರಿಗೆ ಸುಗ್ಗಿಗೆ ಮುಂಚೆ ಕೊಟ್ಟ ಮುಂಗಡ, ಅದನ್ನು ವಾರವಾರ ಎಷ್ಟು ಹಿಡಿಯಬೇಕು ಅನ್ನುವ ಮಾತು ಎಷ್ಟೋ ಮಿಲ್ಲುಗಳಲ್ಲಿ ಚೀಟಿಯಲ್ಲೇ ಇರುತ್ತದೆ.

ಈಗ ಬರೆಯುವ ರೀತಿ. ಒಂದು ಬಾಕಿ ವಿಷಯವನ್ನು ಹೀಗೆ ಬರೆದರೆ ಉಪಯೋಗವಿಲ್ಲ:

> ಯಶವಂತಪುರ ಪಾರ್ಟಿ ಬಾಕಿ 16,380. ಫಾಲೋಅಪ್ ಮಾಡುವುದು.

ಇದನ್ನು ಓದಿದ ಹೊಸಬರು ಪಾರ್ಟಿಗೆ ಫೋನ್ ಮಾಡಿ ದುಡ್ಡು ಕೇಳುತ್ತಾರೆ, ಪಾರ್ಟಿ ಸಿಟ್ಟಾಗುತ್ತದೆ. ಯಾಕಂದರೆ ಅದು ಬರಬೇಕಾದ ದುಡ್ಡೇ ಅಲ್ಲ. ಅದೇ ವಿಷಯ ಪೂರ್ತಿ ಬರೆದರೆ ಹೀಗಿರುತ್ತದೆ. ಇದು ನಮೂನೆಗಾಗಿ ಮಾಡಿದ ಲೆಕ್ಕ:

> ಆಗಿದ್ದು: ಯಶವಂತಪುರ ಯಾರ್ಡಿನ ಪಾರ್ಟಿಗೆ ಈ ತಿಂಗಳ 3ಕ್ಕೆ 25 ಕೆಜಿಯ 400 ಚೀಲ ಸೋನಾ ಹೋಗಿದೆ. 100 ಕ್ವಿಂಟಲ್, ದರ 5,200. ಬಿಲ್ 5,20,000, ಜಿಎಸ್‌ಟಿ 26,000, ಒಟ್ಟು 5,46,000. ಲಾರಿಯ ತಾಡಪತ್ರಿ ಹರಿದಿತ್ತು, 12 ಚೀಲ ನೆಂದಿವೆ. ಪಾರ್ಟಿ ಆ 12 ಚೀಲದ ದುಡ್ಡು ಹಿಡಿದು 5,29,620 ಹಾಕಿದೆ.
>
> ಒಪ್ಪಂದ: ಸಾವ್ಕಾರರು 8ಕ್ಕೆ ಫೋನಿನಲ್ಲಿ ಕಡಿತ ಒಪ್ಪಿದ್ದಾರೆ. ನೆಂದ ಚೀಲದ ಫೋಟೋ ಬರಬೇಕು ಅಂತ ಹೇಳಿದ್ದಾರೆ. ಫೋಟೋ ಇನ್ನೂ ಬಂದಿಲ್ಲ.
>
> ಮುಂದಿನ ಹೆಜ್ಜೆ: ಫೋಟೋ ತರಿಸಿ. ಬಂದ ಮೇಲೆ ಕ್ರೆಡಿಟ್ ನೋಟ್ ಹಾಕಿ: 15,600 ಮತ್ತು ಜಿಎಸ್‌ಟಿ 780, ಒಟ್ಟು 16,380. ಆ ತಿಂಗಳ ಜಿಎಸ್‌ಟಿಆರ್-1ರಲ್ಲಿ ತೋರಿಸಿ.
>
> ಮಾಡಬಾರದ್ದು: ಲಾರಿಯವರ ಬಾಡಿಗೆ ಬಾಕಿ 8,000 ಇದೇ ಕಾರಣಕ್ಕೆ ಹಿಡಿದಿದೆ. ಟ್ರಾನ್ಸ್‌ಪೋರ್ಟ್‌ನವರು ಕೇಳುತ್ತಾರೆ. ಸಾವ್ಕಾರರನ್ನು ಕೇಳದೆ ಕೊಡಬೇಡಿ.

ನಾಲ್ಕು ಭಾಗ ಇವೆ ನೋಡಿ. ನನ್ನ ಪ್ರಕಾರ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಏನು ಮಾಡಬೇಕು ಅನ್ನುವುದನ್ನು ಹೊಸಬರು ಹೇಗೋ ಕಂಡುಕೊಳ್ಳುತ್ತಾರೆ. ಏನು ಮಾಡಬಾರದು ಅನ್ನುವುದು ಮಾಡಿದ ಮೇಲೆಯೇ ಗೊತ್ತಾಗುವುದು. ಮೇಲಿನ ನೋಟ್ ಇಲ್ಲದಿದ್ದರೆ ಟ್ರಾನ್ಸ್‌ಪೋರ್ಟ್‌ನವರು ಬಂದು "ಹಳೇ ಬಾಕಿ ಐತ್ರೀ, ಎಂಟು ಸಾವಿರ" ಅಂದ ಕೂಡಲೇ ಹೊಸಬರು ಲೆಡ್ಜರ್ ನೋಡಿ ಕೊಟ್ಟುಬಿಡುತ್ತಾರೆ. ಲೆಡ್ಜರಿನಲ್ಲಿ ಬಾಕಿ ಕಾಣುತ್ತದೆ, ಅಲ್ವಾ?

ಕ್ರೆಡಿಟ್ ನೋಟಿಗೂ ಗಡುವಿದೆ. ಬಿಲ್ ಆದ ಹಣಕಾಸು ವರ್ಷ ಮುಗಿದು ಬರುವ ನವೆಂಬರ್ 30 ದಾಟಿದರೆ ತೆರಿಗೆ ಭಾಗ ಕಡಿಮೆ ಮಾಡಿಕೊಳ್ಳಲಿಕ್ಕೆ ಬರುವುದಿಲ್ಲ. ಇಂಥ ಹಳೇ ಕಡಿತ ಏನಾದರೂ ಉಳಿದಿದ್ದರೆ ಅದನ್ನು ಪಟ್ಟಿಯ ಮೇಲ್ಗಡೆ ಹಾಕಿ.

ಇನ್ನೊಂದು ಬಗೆಯ ವಿಷಯ ಇದೆ. ಅದು ಬಾಕಿ ಕೆಲಸ ಅಲ್ಲ, ಆದರೂ ಬರೆಯಲೇಬೇಕು: ನೀವು ಮಾಡಿಟ್ಟ ವ್ಯವಸ್ಥೆಯ ಕಾರಣ. ಟ್ಯಾಲಿಯಲ್ಲಿ ಒಂದೇ ಅಕ್ಕಿಗೆ "ಸೋನಾ 25", "ಸೋನಾ 26" ಅಂತ ಎರಡು ಐಟಂ ಕಂಡರೆ, ಬೇರೆ ವ್ಯಾಪಾರದಿಂದ ಬಂದವರು ಇದು ತಪ್ಪಾಗಿದೆ ಅಂತ ಒಂದು ಮಾಡಿಬಿಡಬಹುದು. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ 5% ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. 26 ಕೆಜಿ ಚೀಲ ಮಾರುಕಟ್ಟೆಗೆ ಬಂದಿದ್ದೇ ಹಾಗೆ. ಎರಡು ಐಟಂ ಬೆರೆತರೆ ತೆರಿಗೆ ಲೆಕ್ಕ ಪೂರ್ತಿ ಕೆಡುತ್ತದೆ. "ಇವೆರಡನ್ನೂ ಸೇರಿಸಬೇಡಿ, ಕಾರಣ ಇದು" ಅಂತ ಎರಡು ಸಾಲು ಸಾಕು.

ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟ್‌ಗೆ ಒಂದು ಪೂರ್ತಿ ಪುಟ

ಓಸಿಸಿ ಲಿಮಿಟ್ ಮೇಲೆ ನಡೆಯುವ ಮಿಲ್ಲಾದರೆ ಪ್ರತಿ ತಿಂಗಳೂ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಯಾವ ತಾರೀಖಿನ ಒಳಗೆ ಅನ್ನುವುದು ಮಂಜೂರಾತಿ ಪತ್ರದಲ್ಲಿರುತ್ತದೆ. ಆ ಪುಟದ ಜೆರಾಕ್ಸ್ ಅನ್ನೇ ನೋಟಿಗೆ ಲಗತ್ತಿಸಿ. ತಡವಾದರೆ ದಂಡ ಬೀಳುತ್ತದೆ. ಅದಕ್ಕಿಂತ ತೊಂದರೆ ಅಂದರೆ ಡ್ರಾಯಿಂಗ್ ಪವರ್ ನಿಂತು, ರೈತರಿಗೆ ಕೊಟ್ಟ ಚೆಕ್ ವಾಪಸ್ ಬರಬಹುದು.

ಇದಕ್ಕೆ ಪೂರ್ತಿ ಪುಟ ಯಾಕೆ ಬೇಕು ಅಂದರೆ, ಗೋದಾಮಿನಲ್ಲಿ ಕಾಣುವ ಭತ್ತವೆಲ್ಲ ಮಿಲ್ಲಿನದಲ್ಲ. ರೈತರು ಬೆಲೆ ಏರಲಿ ಅಂತ ಇಟ್ಟುಹೋದ ಚೀಲ ಇರುತ್ತದೆ. ಬೆಂಬಲ ಬೆಲೆಯಲ್ಲಿ ಖರೀದಿಯಾಗಿ ಮಿಲ್ಲಿಂಗಿಗೆ ಬಂದ ಸರ್ಕಾರದ ಭತ್ತ ಇರುತ್ತದೆ. ಅಡತಿ ಅಂಗಡಿಯಿಂದ ಉದ್ರಿ ತಂದ ಭತ್ತವೂ ಇರುತ್ತದೆ. ಮೊದಲ ಎರಡನ್ನು ಲೆಕ್ಕಕ್ಕೇ ಹಿಡಿಯಬಾರದು. ಮೂರನೆಯದನ್ನು ಸ್ಟಾಕಿನಲ್ಲಿ ತೋರಿಸಿ, ಕೊಡಬೇಕಾದ ಬಾಕಿ ಅಂತ ಕಳೆಯಬೇಕು. ಉದಾಹರಣೆಗೆ ಮಿಲ್ಲಿನ ಸ್ವಂತ ಸ್ಟಾಕ್ 2 ಕೋಟಿ, ಅದರಲ್ಲಿ ಉದ್ರಿ 60 ಲಕ್ಷ ಅನ್ನಿ. ಉಳಿದದ್ದು 1 ಕೋಟಿ 40 ಲಕ್ಷ. ಮಾರ್ಜಿನ್ 25% ಇದ್ದರೆ 35 ಲಕ್ಷ ಕಳೆದು ಡ್ರಾಯಿಂಗ್ ಪವರ್ 1 ಕೋಟಿ 5 ಲಕ್ಷ. ಹೊಸಬರು ಉದ್ರಿ ಕಳೆಯುವುದನ್ನು ಮರೆತರೆ 1 ಕೋಟಿ 50 ಲಕ್ಷ ಬರುತ್ತದೆ. ಬ್ಯಾಂಕಿನವರು ಗೋದಾಮು ನೋಡಲಿಕ್ಕೆ ಬಂದ ದಿನ, ಇಲ್ಲವೇ ಆಡಿಟ್ ಆದ ಬ್ಯಾಲೆನ್ಸ್ ಶೀಟ್ ಕೈಗೆ ಬಂದ ದಿನ ಇದು ಹೊರಗೆ ಬರುತ್ತದೆ.

ನೋಟಿನಲ್ಲಿ ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ಇಟ್ಟು, ಪ್ರತಿ ಅಂಕಿ ಎಲ್ಲಿಂದ ಬಂತು ಅಂತ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆಯಿರಿ: ಭತ್ತ ಗೋದಾಮು ರಿಜಿಸ್ಟರಿನಿಂದ, ಅಕ್ಕಿ ಮತ್ತು ನುಚ್ಚು ಉತ್ಪಾದನೆ ಪುಸ್ತಕದಿಂದ, ತೌಡು ಮೇಸ್ತ್ರಿಯ ಎಣಿಕೆಯಿಂದ ಅಂತ. ಯಾವ ದರ ಹಿಡಿಯುತ್ತೀರಿ ಅನ್ನುವುದನ್ನೂ ಬರೆಯಿರಿ. ಒಂದು ತಿಂಗಳು ಖರೀದಿ ದರ, ಮುಂದಿನ ತಿಂಗಳು ಮಾರುಕಟ್ಟೆ ದರ ಹಿಡಿದರೆ ಬ್ಯಾಂಕಿನವರು ಪ್ರಶ್ನೆ ಕೇಳುತ್ತಾರೆ.

ಪದೇಪದೇ ಬರುವ ತಾರೀಖುಗಳು

ಇದನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವಂತೆ ಮಾಡಿ. ತಿಂಗಳಿನದು ಸಾಮಾನ್ಯವಾಗಿ ಹೀಗಿರುತ್ತದೆ:

- 7: ಹಿಂದಿನ ತಿಂಗಳು ಹಿಡಿದ ಟಿಡಿಎಸ್ ಕಟ್ಟುವುದು. ಮಾರ್ಚ್ ತಿಂಗಳಿನದಕ್ಕೆ ಮಾತ್ರ ಏಪ್ರಿಲ್ 30.
- 11: ಜಿಎಸ್‌ಟಿಆರ್-1.
- 15: ಪಿಎಫ್ ಮತ್ತು ಇಎಸ್‌ಐ.
- 20: ಜಿಎಸ್‌ಟಿಆರ್-3ಬಿ. ವೃತ್ತಿ ತೆರಿಗೆಯೂ ಅವತ್ತೇ.

ವಹಿವಾಟು 5 ಕೋಟಿಯ ಒಳಗಿದ್ದು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಪದ್ಧತಿ ಆರಿಸಿಕೊಂಡ ಮಿಲ್ಲಿಗೆ ಜಿಎಸ್‌ಟಿ ತಾರೀಖು ಬೇರೆ. ನಿಮ್ಮ ಮಿಲ್ಲು ಯಾವ ಪದ್ಧತಿಯಲ್ಲಿದೆ ಅನ್ನುವುದನ್ನು ಹಾಳೆಯ ತಲೆಯಲ್ಲೇ ಬರೆಯಿರಿ. ಟಿಡಿಎಸ್ ರಿಟರ್ನ್ ಜುಲೈ 31, ಅಕ್ಟೋಬರ್ 31, ಜನವರಿ 31, ಮೇ 31ಕ್ಕೆ.

ಈ ತಾರೀಖುಗಳನ್ನು ಯಾವ ಅಕೌಂಟೆಂಟ್ ಬೇಕಾದರೂ ಬಲ್ಲ. ನಿಮ್ಮ ನೋಟ್ ಹೇಳಬೇಕಾದ್ದು ಅದಕ್ಕೆ ಮುಂಚಿನ ತಾರೀಖನ್ನು. 11ಕ್ಕೆ ಜಿಎಸ್‌ಟಿಆರ್-1 ಅಂದರೆ ಆಡಿಟರ್ ಆಫೀಸಿಗೆ 8ರೊಳಗೆ ಡೇಟಾ ಹೋಗಬೇಕು. ಅದಕ್ಕೆ 6ರೊಳಗೆ ಯಶವಂತಪುರ ಕಡೆಯ ಪಾರ್ಟಿಗಳ ಕಡಿತ ಕೇಳಿ ತಿಳಿದುಕೊಂಡಿರಬೇಕು. ಹೀಗೆ ಹಿಂದಕ್ಕೆ ಲೆಕ್ಕ ಹಾಕಿ, ಕೆಲಸ ಶುರುವಾಗುವ ದಿನವನ್ನು ಬರೆಯಿರಿ. ಯಾರು ಸಹಿ ಮಾಡಬೇಕು, ಒಟಿಪಿ ಯಾರ ಫೋನಿಗೆ ಬರುತ್ತದೆ ಅನ್ನುವುದನ್ನೂ ಪಕ್ಕದಲ್ಲಿ ಹಾಕಿ. ಸಾವ್ಕಾರರು ತಿರುಪತಿಗೆ ಹೋಗಿ ಫೋನ್ ಸ್ವಿಚ್ ಆಫ್ ಆದ ದಿನವೇ 20ನೇ ತಾರೀಖು ಬರುವುದುಂಟು.

ತಪ್ಪಿದರೆ ಏನಾಗುತ್ತದೆ ಅನ್ನುವುದನ್ನೂ ಒಂದು ಸಾಲಿನಲ್ಲಿ ಬರೆದರೆ ಹೊಸಬರು ಯಾವುದಕ್ಕೆ ಮೊದಲು ಓಡಬೇಕು ಅಂತ ತಿಳಿದುಕೊಳ್ಳುತ್ತಾರೆ. ಟಿಡಿಎಸ್ ನೋಡಿ. ಹಿಡಿದು ಕಟ್ಟದಿದ್ದರೆ ತಿಂಗಳಿಗೆ 1.5% ಬಡ್ಡಿ, ತಿಂಗಳಿನ ಒಂದು ದಿನವಾದರೂ ಪೂರ್ತಿ ತಿಂಗಳ ಲೆಕ್ಕ. ಜೂನ್ 25ಕ್ಕೆ ಹಿಡಿದ 10,000 ರೂಪಾಯಿಯನ್ನು ಜುಲೈ 7ರ ಬದಲು 8ಕ್ಕೆ ಕಟ್ಟಿದರೆ ಜೂನ್, ಜುಲೈ ಎರಡೂ ಲೆಕ್ಕಕ್ಕೆ ಬಂದು 300 ರೂಪಾಯಿ ಬಡ್ಡಿ. ಒಂದು ದಿನದ ತಡಕ್ಕೆ ಎರಡು ತಿಂಗಳ ಬಡ್ಡಿ.

ವರ್ಷಕ್ಕೊಮ್ಮೆ ಬರುವುದನ್ನೇ ಜನ ಜಾಸ್ತಿ ಮರೆಯುವುದು. ವೇಬ್ರಿಡ್ಜ್ ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯವರ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು. ಸ್ಟಾಕ್ ವಿಮೆ ಮುಗಿಯುವ ದಿನ, ಬ್ಯಾಂಕ್ ಲಿಮಿಟ್ ನವೀಕರಣ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದ ಅವಧಿ, ಎಲ್ಲದರ ಮೂಲ ಕಾಗದ ತೆಗೆದು ತಾರೀಖು ನೋಡಿಯೇ ಬರೆಯಿರಿ. ಹೋದ ವರ್ಷದ ಹಾಳೆಯಿಂದ ನಕಲು ಮಾಡಬೇಡಿ.

ಖರೀದಿ ಸೀಸನ್ ಮಾತ್ರ ತಾರೀಖಿಗೆ ಕಟ್ಟುಬೀಳುವುದಿಲ್ಲ. ಅದು ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಟ್ಟರು ಅನ್ನುವುದರ ಮೇಲೆ ನಿಂತಿದೆ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಬೇಸಿಗೆ ಭತ್ತವೇ ಇರುವುದಿಲ್ಲ. ಹಾಗಾಗಿ "ಏಪ್ರಿಲ್‌ನಲ್ಲಿ ಬಾರದಾನ ಆರ್ಡರ್" ಅಂತ ಬರೆಯದೆ, "ಕೊಯ್ಲು ಶುರುವಾಗುವುದಕ್ಕೆ ಮೂರು ವಾರ ಮುಂಚೆ" ಅಂತ ಬರೆಯಿರಿ.

ಸಂಪರ್ಕಗಳು: ನಂಬರ್ ಜೊತೆಗೆ ಕಾರಣ

ಫೋನಿನಲ್ಲಿ "ಲಾರಿ ಕಾರಟಗಿ 2" ಅಂತ ಇರುವ ಹೆಸರು ನಿಮಗೆ ಬಿಟ್ಟು ಇನ್ಯಾರಿಗೂ ಅರ್ಥವಾಗುವುದಿಲ್ಲ. ಪ್ರತಿ ನಂಬರಿನ ಮುಂದೆ ಯಾವ ಕೆಲಸಕ್ಕೆ, ಯಾವ ಹೊತ್ತಿಗೆ, ಕೊನೆಯ ಬಾರಿ ಏನು ಮಾತಾಯಿತು ಅನ್ನುವ ಮೂರು ಸಂಗತಿ ಬರೆಯಿರಿ. ಆಡಿಟರ್ ಆಫೀಸಿನಲ್ಲಿ ಆಡಿಟರ್ ನಂಬರಿಗಿಂತ ರಿಟರ್ನ್ ಹಾಕುವ ಹುಡುಗನ ನಂಬರ್ ಮುಖ್ಯ. ಕರೆಂಟ್ ಹೋದಾಗ ಜೆಸ್ಕಾಂ ದೂರು ನಂಬರಿಗಿಂತ ಆ ಫೀಡರ್ ನೋಡಿಕೊಳ್ಳುವ ಲೈನ್‌ಮ್ಯಾನ್ ನಂಬರ್ ಬೇಗ ಕೆಲಸಕ್ಕೆ ಬರುತ್ತದೆ. ಯಾರಿಗೆ ಬಾಯಿಮಾತು ಸಾಕು, ಯಾರಿಗೆ ವಾಟ್ಸಾಪಿನಲ್ಲಿ ಬರೆದು ಕಳಿಸಲೇಬೇಕು ಅನ್ನುವುದನ್ನೂ ಹೇಳಿ. ಆಮೇಲೆ ನಾನು ಹಾಗೆ ಅಂದೇ ಇಲ್ಲ ಅನ್ನುವ ಪಾರ್ಟಿಗಳು ಎಲ್ಲ ಮಿಲ್ಲಿಗೂ ಇದ್ದಾರೆ. ಇದನ್ನು ಬರೆಯುವಾಗ ಭಾಷೆ ನೋಡಿಕೊಳ್ಳಿ. "ಇವರು ಮೋಸಗಾರರು" ಅಂತ ಬರೆದ ಹಾಳೆ ಒಂದಲ್ಲ ಒಂದು ದಿನ ಅವರ ಕೈಗೇ ಸಿಗುತ್ತದೆ. "ಇವರ ಜೊತೆ ದರ ಮತ್ತು ತೂಕ ಬರಹದಲ್ಲಿ ಇರಲಿ" ಅಂದರೆ ಸಾಕು.

ಮುಖ್ಯವಾದ ಏಳೆಂಟು ಜನಕ್ಕೆ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಫೋನ್ ಮಾಡಿ. "ಇನ್ನ ಮುಂದ ಇವರ ನೋಡ್ತಾರ್ರೀ, ಇವರ ನಂಬರ್ ಇಟ್ಕೋರಿ" ಅನ್ನುವ ಒಂದು ಮಾತು, ಬರೆದ ಪಟ್ಟಿಗಿಂತ ಜಾಸ್ತಿ ನಡೆಯುತ್ತದೆ. ವಾಟ್ಸಾಪ್ ಗ್ರೂಪ್‌ಗಳಿಗೆ ಹೊಸಬರನ್ನು ಸೇರಿಸಿ, ಅಡ್ಮಿನ್ ಮಾಡಿ, ಆಮೇಲೆ ನೀವು ಹೊರಗೆ ಬನ್ನಿ. ಅಡ್ಮಿನ್ ಮಾಡುವ ಮುಂಚೆ ಹೊರಬಿದ್ದರೆ ಮತ್ತೆ ತಲೆನೋವು.

ಒಟಿಪಿ ಯಾರ ಫೋನಿಗೆ ಬರುತ್ತದೆ?

ಕೆಲಸ ಬಿಟ್ಟು ತಿಂಗಳುಗಟ್ಟಲೆ ಆದಮೇಲೂ ಹಳಬರಿಗೆ ಫೋನ್ ಬರುವುದು ಇದಕ್ಕೇ. ಎಷ್ಟೋ ಮಿಲ್ಲುಗಳಲ್ಲಿ ಜಿಎಸ್‌ಟಿ, ಇ-ವೇ ಬಿಲ್, ಪಿಎಫ್, ಆದಾಯ ತೆರಿಗೆ ಎಲ್ಲಕ್ಕೂ ಅಕೌಂಟೆಂಟ್‌ನ ಸ್ವಂತ ನಂಬರ್, ಸ್ವಂತ ಮೇಲ್ ಕೊಟ್ಟಿರುತ್ತಾರೆ. ಒಂದೊಂದು ಪೋರ್ಟಲಿಗೂ ಯಾವ ಮೊಬೈಲ್, ಯಾವ ಮೇಲ್ ಇದೆ ಅಂತ ಪಟ್ಟಿ ಮಾಡಿ. ಆಮೇಲೆ ಮಿಲ್ಲಿನ ಹೆಸರಲ್ಲೇ ಒಂದು ಸಿಮ್, ಒಂದು ಮೇಲ್ ಮಾಡಿಸಿ ಎಲ್ಲವನ್ನೂ ಅದಕ್ಕೆ ಬದಲಾಯಿಸಿ. ಹೊಸಬರ ಸ್ವಂತ ನಂಬರಿಗೆ ಬದಲಾಯಿಸಿದರೆ ಅವರು ಬಿಡುವಾಗ ಇದೇ ಕಥೆ.

ಜಿಎಸ್‌ಟಿ ಪೋರ್ಟಲಿನಲ್ಲಿ ದಾರಿ ಇದು:

```
Services > Registration > Amendment of Registration Non - Core Fields
```

ಅಲ್ಲಿ ಅಧಿಕೃತ ಸಹಿದಾರರ ಭಾಗದಲ್ಲಿ ಮೊಬೈಲ್, ಮೇಲ್ ಬದಲಾಯಿಸಬಹುದು. ಹೊಸ ನಂಬರಿಗೂ ಮೇಲಿಗೂ ಒಟಿಪಿ ಬರುತ್ತದೆ, ಕೊನೆಗೆ ಡಿಜಿಟಲ್ ಸಹಿ ಅಥವಾ ಒಟಿಪಿಯಿಂದ ಸಲ್ಲಿಸಬೇಕು. ಈ ಕೆಲಸವನ್ನು ನೀವು ಇನ್ನೂ ಮಿಲ್ಲಿನಲ್ಲಿರುವಾಗಲೇ ಮುಗಿಸಿ, ಹಳೇ ನಂಬರ್ ಇನ್ನೂ ನಿಮ್ಮ ಕೈಯಲ್ಲಿದ್ದರೆ ಎಲ್ಲ ಸಲೀಸು. ಇ-ವೇ ಬಿಲ್ ಪೋರ್ಟಲಿನಲ್ಲಿ ನಿಮಗೆ ಬೇರೆ ಸಬ್ ಯೂಸರ್ ಇದ್ದರೆ ಹೊಸಬರಿಗೆ ಹೊಸದು ಮಾಡಿಸಿ, ನಿಮ್ಮದನ್ನು ಕೊನೆಯ ದಿನ `Freeze` ಮಾಡಿಸಿ. ನೀವು ಬಿಟ್ಟ ಮೇಲೆ ನಿಮ್ಮ ಐಡಿಯಿಂದ ಬಿಲ್ ಹೋಗಬಾರದು.

ಪಾಸ್‌ವರ್ಡುಗಳನ್ನು ನೋಟಿನಲ್ಲಿ ಬರೆಯಲೇಬೇಡಿ. ಆ ಹಾಳೆ ಜೆರಾಕ್ಸ್ ಆಗುತ್ತದೆ, ಫೋಟೋ ಆಗುತ್ತದೆ. ಕೊನೆಯ ದಿನ ಸಾವ್ಕಾರರ ಎದುರಿಗೇ ಹೊಸ ಪಾಸ್‌ವರ್ಡ್ ಹಾಕಿಸಿ, ಅದನ್ನು ಅವರೇ ಇಟ್ಟುಕೊಳ್ಳಲಿ. ನೋಟಿನಲ್ಲಿ "ಪಾಸ್‌ವರ್ಡ್ ಸಾವ್ಕಾರರ ಹತ್ತಿರ" ಅಂತ ಮಾತ್ರ ಇರಲಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಎಲ್ಲಿದೆ, ಅದರ ಅವಧಿ ಎಂದಿಗೆ ಮುಗಿಯುತ್ತದೆ ಅನ್ನುವುದನ್ನೂ ಸೇರಿಸಿ.

ಕೊನೆಯ ದಿನ

ಕ್ಯಾಶ್ ಎಣಿಸಿ. ನೀವು, ಹೊಸಬರು, ಸಾವ್ಕಾರರು ಅಥವಾ ಅವರ ಮನೆಯವರೊಬ್ಬರು, ಮೂವರೂ ಇದ್ದಾಗ ಎಣಿಸಿ. ಯಾವ ನೋಟು ಎಷ್ಟು ಅಂತ ಬರೆದು ಟ್ಯಾಲಿಯ ಕ್ಯಾಶ್ ಬುಕ್ಕಿಗೆ ತಾಳೆ ನೋಡಿ. ಉಳಿದ ಖಾಲಿ ಚೆಕ್ ಹಾಳೆಗಳ ನಂಬರ್, ಗೋದಾಮಿನ ಬೀಗದ ಕೈ, ವಿಮೆ ಪಾಲಿಸಿ, ಮಂಜೂರಾತಿ ಪತ್ರ, ಇವುಗಳ ಪಟ್ಟಿಗೂ ಸಹಿ ಆಗಬೇಕು. ಆ ದಿನದ ಟ್ಯಾಲಿ ಬ್ಯಾಕಪ್ ತೆಗೆದು ಸಾವ್ಕಾರರಿಗೆ ಕೊಡಿ. ಅದರ ಪ್ರತಿಯನ್ನು ನಿಮ್ಮ ಮನೆಗೆ ಒಯ್ಯಬೇಡಿ, ಅದು ಮಿಲ್ಲಿನ ಲೆಕ್ಕ.

ನೋಟಿನ ಮೂರು ಪ್ರತಿ ಮಾಡಿ, ಪ್ರತಿ ಪುಟಕ್ಕೂ ತಾರೀಖು ಹಾಕಿ ಮೂವರೂ ಸಹಿ ಮಾಡಿ. ಒಂದು ಸಾವ್ಕಾರರಿಗೆ, ಒಂದು ಹೊಸಬರಿಗೆ. ಪಾರ್ಟಿಗಳ ವಿವರ ಇರುವ ಪುಟ ಬಿಟ್ಟು, ಕ್ಯಾಶ್, ಚೆಕ್ ಮತ್ತು ಬಾಕಿ ಪಟ್ಟಿಯ ಪ್ರತಿ ನಿಮ್ಮ ಹತ್ತಿರ ಇರಲಿ, ಸಾವ್ಕಾರರಿಗೆ ಹೇಳಿಯೇ ಇಟ್ಟುಕೊಳ್ಳಿ. ಆರು ತಿಂಗಳ ಮೇಲೆ 8,000 ಯಾರು ಕೊಟ್ಟರು ಅನ್ನುವ ಮಾತು ಬಂದರೆ ತೋರಿಸಲಿಕ್ಕೆ ಏನಾದರೂ ಬೇಕಲ್ಲ. ಬಿಟ್ಟ ಮೇಲೆ ಎಷ್ಟು ದಿನ, ಯಾವ ಹೊತ್ತಿನಲ್ಲಿ ಫೋನ್ ಎತ್ತುತ್ತೀರಿ ಅನ್ನುವುದನ್ನೂ ಕೊನೆಯ ಪುಟದಲ್ಲಿ ಬರೆದುಬಿಡಿ: ಒಂದು ತಿಂಗಳು, ಸಂಜೆ 7ರ ಮೇಲೆ. ಹೊಸ ಕೆಲಸದ ಜಾಗದಲ್ಲಿ ಹಗಲೆಲ್ಲ ಹಳೇ ಮಿಲ್ಲಿನ ಫೋನ್ ಎತ್ತುತ್ತಾ ಕೂರುವುದನ್ನು ಅಲ್ಲಿನ ಸಾವ್ಕಾರರು ಒಪ್ಪುವುದಿಲ್ಲ.